ಒಂದಿಂಚಿನ ಜಿಐ ಜಾಯಿಂಟಿಗೆ ಟೇಪ್ ಸಾಕೋ, ಪೇಸ್ಟ್ ಬೇಕೋ?

ಪ್ರಶ್ನೆ: ಬಾವಿ ಪಂಪಿನ ಸಕ್ಷನ್ ಕಡೆಯ ಒಂದಿಂಚಿನ ಜಿಐ ಎಲ್ಬೋ ಪಂಪ್ ಆಫ್ ಮಾಡಿದಾಗ ಹನಿ ಹನಿ ಜಿನುಗುತ್ತದೆ, ಆನ್ ಮಾಡಿದರೆ ನಿಲ್ಲುತ್ತದೆ. ಎರಡು ಸಲ ಟೆಫ್ಲಾನ್ ಟೇಪ್ ಸುತ್ತಿಸಿ ಆಯಿತು. ಅಂಗಡಿಯವರು ಪೇಸ್ಟ್ ಹಚ್ಚಿ ಅಂತಾರೆ. ಯಾವುದು ಒಳ್ಳೆಯದು, ಎಷ್ಟು ಹಾಕಬೇಕು? ಕುಡಿಯುವುದೂ ಅದೇ ನೀರು.

ನಿಮ್ಮ ಜಾಯಿಂಟಿಗೆ ನಾನಾದರೆ ನಾಲ್ಕೈದು ಸುತ್ತು ಟೇಪ್ ಹಾಕಿ, ಅದರ ಮೇಲೆ ತೆಳ್ಳಗೆ ಪೇಸ್ಟ್ ಹಚ್ಚುತ್ತೇನೆ. ಆದರೆ ಅದಕ್ಕಿಂತ ಮೊದಲು ಎಲ್ಬೋವನ್ನು ಏನೂ ಹಚ್ಚದೆ ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಎಷ್ಟು ಹಾಕಬೇಕು ಅನ್ನುವ ಉತ್ತರ ಅಲ್ಲಿ ಸಿಗುತ್ತದೆ. ಉಡುಪಿ, ಕಾಪು ಕಡೆ ಇಪ್ಪತ್ತು ವರ್ಷದಿಂದ ಇದೇ ಕೆಲಸ ನನ್ನದು.

ಮೊದಲು ಒಂದು ಮಾತು. ಪಂಪ್ ಓಡುವಾಗ ಹನಿ ನಿಂತಿತು ಅಂದರೆ ಸೋರುವುದು ನಿಂತಿತು ಅಂತ ತಿಳಿಯಬೇಡಿ. ಆಫ್ ಇರುವಾಗ ಮೇಲಿನ ಟ್ಯಾಂಕಿನವರೆಗೆ ಪೈಪಿನಲ್ಲಿ ನಿಂತ ನೀರಿನ ಭಾರ ಆ ಜಾಯಿಂಟಿನ ಮೇಲೆ ಬೀಳುತ್ತದೆ, ಹಾಗಾಗಿ ನೀರು ಹೊರಗೆ ಬರುತ್ತದೆ. ಓಡುವಾಗ ಅದೇ ಜಾಗದಲ್ಲಿ ಎಳೆತ, ಹಾಗಾಗಿ ಗಾಳಿ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಬಾವಿ ತುಂಬಿರುವಾಗ ಇದು ಗೊತ್ತೇ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಳಕ್ಕೆ ಇಳಿದಾಗ ಪ್ರತಿ ಒಂದು ಮೀಟರಿಗೂ ಎಳೆತ ಹೆಚ್ಚುತ್ತದೆ. ಐದಾರು ಮೀಟರ್ ಆಳದಿಂದ ಎಳೆಯುವಾಗ ಅದೇ ಸಣ್ಣ ಸಂದು ಸಾಕು, ಟ್ಯಾಂಕಿಗೆ ನೀರು ಕೊರ್ ಕೊರ್ ಅಂತ ಗಾಳಿ ಉಗುಳುತ್ತಾ ಬೀಳುತ್ತದೆ, ಕೊನೆಗೆ ಪಂಪ್ ನೀರೆತ್ತುವುದನ್ನೇ ನಿಲ್ಲಿಸುತ್ತದೆ. ಆಗ ಎಲ್ಲರೂ ಫೂಟ್ ವಾಲ್ವನ್ನು ಬಯ್ಯುವುದು. ಬರೀ ಫೂಟ್ ವಾಲ್ವ್ ಸೋರುತ್ತಿದ್ದರೆ ಪಂಪ್ ನಿಂತ ಮೇಲೆ ನೀರು ಇಳಿದುಹೋಗುತ್ತದೆ, ಓಡುವಾಗ ಗಾಳಿ ಬರುವುದಿಲ್ಲ. ಓಡುವಾಗಲೇ ಗಾಳಿ ಬಂದರೆ ಜಾಯಿಂಟ್ ನೋಡಬೇಕು. ಶೇವಿಂಗ್ ಫೋಮ್ ಇದ್ದರೆ ಪಂಪ್ ಓಡುವಾಗ ಜಾಯಿಂಟಿನ ಸುತ್ತ ದಪ್ಪಕ್ಕೆ ಹಚ್ಚಿ. ಗಾಳಿ ಎಳೆಯುವ ಜಾಗದಲ್ಲಿ ಫೋಮ್ ಗುಳಿ ಬಿದ್ದು ಒಳಗೆ ಹೋಗುವುದು ಕಣ್ಣಿಗೇ ಕಾಣುತ್ತದೆ.

ಈಗ ಥ್ರೆಡ್ಡಿನ ವಿಷಯ. ಜಿಐ ಪೈಪಿನ ತುದಿಯ ಥ್ರೆಡ್ ನೇರ ಅಲ್ಲ, ಓರೆ. ಹದಿನಾರು ಮಿ.ಮೀ. ಉದ್ದಕ್ಕೆ ಒಂದು ಮಿ.ಮೀ. ದಪ್ಪವಾಗುತ್ತಾ ಹೋಗುತ್ತದೆ. ಅದಕ್ಕೇ ತಿರುಗಿಸುತ್ತಾ ಹೋದ ಹಾಗೆ ಬಿಗಿಯಾಗುವುದು. ಆದರೆ ಎಷ್ಟೇ ಬಿಗಿದರೂ ಹಲ್ಲಿನ ತುದಿಗೂ ಎದುರಿನ ಹಲ್ಲಿನ ಬುಡಕ್ಕೂ ಮಧ್ಯೆ ಸುರುಳಿ ಸುರುಳಿಯಾಗಿ ಒಂದು ಸಪೂರ ದಾರಿ ಉಳಿದೇ ಉಳಿಯುತ್ತದೆ. ಟೇಪ್ ಇರಲಿ ಪೇಸ್ಟ್ ಇರಲಿ, ಆ ದಾರಿಯನ್ನು ಮುಚ್ಚುವುದೇ ಅದರ ಕೆಲಸ. ಲಟಪಟ ಇರುವ ಜಾಯಿಂಟನ್ನು ಬಿಗಿ ಮಾಡುವ ಶಕ್ತಿ ಎರಡಕ್ಕೂ ಇಲ್ಲ. ಬಿಗಿ ಕಬ್ಬಿಣದಿಂದಲೇ ಬರಬೇಕು.

ಹಾಗಾಗಿ ಒಣ ಪರೀಕ್ಷೆ. ಒಂದಿಂಚಿನ ಥ್ರೆಡ್ಡಿನಲ್ಲಿ ಇಂಚಿಗೆ 11 ಹಲ್ಲು. ಸರಿಯಾಗಿ ಕಟ್ ಆದ ಪೈಪಿಗೆ ಎಲ್ಬೋ ಕೈಯಲ್ಲಿ ಸುಮಾರು ನಾಲ್ಕರಿಂದ ಐದು ಸುತ್ತು ಹೋಗಿ ನಿಲ್ಲಬೇಕು. ಆಮೇಲೆ ಪೈಪ್ ರೆಂಚಿನಲ್ಲಿ ಎರಡೂವರೆ, ಮೂರು ಸುತ್ತು. ಕೈಯಲ್ಲೇ ಆರೇಳು ಸುತ್ತು ಹೋಗಿ ಇನ್ನೂ ಅಲ್ಲಾಡುತ್ತದೆ ಅಂದರೆ ಡೈ ಹಾಕಿದವರು ಥ್ರೆಡ್ಡನ್ನು ಹೆಚ್ಚು ಆಳಕ್ಕೆ ಕಡಿದಿದ್ದಾರೆ, ಅಥವಾ ಎಲ್ಬೋವೇ ಸರಿಯಿಲ್ಲ. ಅದಕ್ಕೆ ಐವತ್ತು ಸುತ್ತು ಟೇಪ್ ಹಾಕಿದರೂ ಪ್ರಯೋಜನ ಇಲ್ಲ ಮಾರಾಯ್ರೆ. ಬೇರೆ ನಿಪ್ಪಲ್ ಅಥವಾ ಬೇರೆ ಎಲ್ಬೋ ಹಾಕಿ.

ಕಾಪುವಿನ ಹತ್ತಿರ ಒಂದು ಮನೆಯಲ್ಲಿ ಹೀಗೇ ಆಗಿತ್ತು. ಏಪ್ರಿಲ್ ಕೊನೆ, ದಿನಾ ಬೆಳಿಗ್ಗೆ ಪಂಪಿಗೆ ನೀರು ಹೊಯ್ಯುವುದೇ ಅವರ ಕೆಲಸ. ನಿಮ್ಮ ಹಾಗೇ ಎರಡು ಸಲ ಟೇಪ್ ಸುತ್ತಿಸಿದ್ದರು, ಎರಡನೇ ಸಲ ಮೊದಲಿಗಿಂತ ದಪ್ಪಕ್ಕೆ. ಎಲ್ಬೋ ಕಳಚಿದೆ. ಬಾಯಿಯ ಹತ್ತಿರ ಬಿಳೀ ಟೇಪ್ ಬಳೆಯ ಹಾಗೆ ಗುಪ್ಪೆಯಾಗಿ ಕೂತಿತ್ತು. ಅದನ್ನು ಕಿತ್ತು ನೋಡಿದರೆ ಒಳಗಿನ ಮೂರ್ನಾಲ್ಕು ಹಲ್ಲಿನ ಮೇಲೆ ಟೇಪಿನ ಚೂರೂ ಇರಲಿಲ್ಲ, ತುಕ್ಕಿನ ಒಂದು ಕಂದು ಗೆರೆ ಮಾತ್ರ ಸುರುಳಿಯಾಗಿ ಹೋಗಿತ್ತು. ಟೇಪ್ ದಪ್ಪ ಆದಾಗ ಆಗುವುದೇ ಹೀಗೆ. ಎಲ್ಬೋದ ಮೊದಲ ಹಲ್ಲು ಅದನ್ನು ಕೆರೆದು ಹೊರಗೇ ತಳ್ಳುತ್ತದೆ. ಹೊರಗಿಂದ ನೋಡುವವರಿಗೆ ಭಾರೀ ಚೆಂದದ ಕೆಲಸ, ಒಳಗೆ ಬರೀ ಕಬ್ಬಿಣ.

ಅಲ್ಲಿ ಮಾಡಿದ್ದು ಇಷ್ಟು. ವೈರ್ ಬ್ರಶ್ಶಿನಲ್ಲಿ ಎರಡೂ ಕಡೆಯ ಥ್ರೆಡ್ ತಿಕ್ಕಿ, ಬುಡದಲ್ಲಿ ಕಚ್ಚಿ ಕೂತ ಹಳೇ ಟೇಪನ್ನು ಹ್ಯಾಕ್ಸಾ ಬ್ಲೇಡಿನ ತುದಿಯಲ್ಲಿ ಕೆರೆದು ತೆಗೆದೆ. ಒಣಗಿದ ಬಟ್ಟೆಯಲ್ಲಿ ಒರೆಸಿದೆ. ಎಲ್ಬೋ ಒಣಗಿದ್ದಾಗಲೇ ಕೈಯಲ್ಲಿ ಐದು ಸುತ್ತು ಹೋಯಿತು. ಸ್ವಲ್ಪ ಸಡಿಲ, ಆದರೆ ನಡೆಯುತ್ತದೆ. ತುಕ್ಕು ತಿಂದು ಹಲ್ಲಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಸಮುದ್ರದ ಗಾಳಿಗೆ ನಮ್ಮಲ್ಲಿ ಜಿಐ ಹಾಗೇ ಅಲ್ವಾ. ಪೇಸ್ಟ್ ಬೇಕಾಗುವುದು ಇಂಥ ಕಡೆ. ಟೇಪ್ ಅಂದರೆ ಒಂದು ತೆಳು ಹಾಳೆ. ನಯವಾದ ಹಿತ್ತಾಳೆ ಥ್ರೆಡ್ಡಿನ ಮೇಲೆ ಅದು ಅಂದವಾಗಿ ಕೂರುತ್ತದೆ, ಗುಳಿ ಬಿದ್ದ, ಹರಿತ ಏಣು ಇರುವ ಕಬ್ಬಿಣದ ಮೇಲೆ ಹರಿದುಹೋಗುತ್ತದೆ. ಪೇಸ್ಟ್ ಗುಳಿಯೊಳಗೆ ಇಳಿದು ತುಂಬುತ್ತದೆ.

ಸುತ್ತುವ ದಿಕ್ಕು ಹೀಗೆ. ಪೈಪಿನ ಬಾಯಿಯನ್ನು ನಿಮ್ಮ ಮುಖದ ಕಡೆಗೆ ಹಿಡಿದು ಗಡಿಯಾರದ ಮುಳ್ಳು ಹೋಗುವ ಕಡೆಗೆ ಸುತ್ತಿ. ಉಲ್ಟಾ ಸುತ್ತಿದರೆ ಎಲ್ಬೋ ಹಾಕುವಾಗ ಟೇಪ್ ಬಿಚ್ಚಿಕೊಂಡು ಬರುತ್ತದೆ. ತುದಿಯ ಒಂದು ಹಲ್ಲು ಖಾಲಿ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ನೀರಿಗೆ ಸೇರಿ ಎಲ್ಲಿಯಾದರೂ ಹೋಗಿ ಕೂರುತ್ತದೆ. ಸ್ವಲ್ಪ ಎಳೆದು ಹಿಡಿದು, ಒಂದರ ಮೇಲೆ ಅರ್ಧ ಬರುವ ಹಾಗೆ ಸುತ್ತಿ, ಹೆಬ್ಬೆರಳಿನಲ್ಲಿ ಒತ್ತಿ. ಸುತ್ತಿದ ಮೇಲೂ ಟೇಪಿನ ಅಡಿಯಲ್ಲಿ ಹಲ್ಲಿನ ಏರು ತಗ್ಗು ಕಾಣಬೇಕು. ಬಿಳಿ ಕೊಳವೆಯ ಹಾಗೆ ನುಣ್ಣಗೆ ಕಂಡರೆ ಜಾಸ್ತಿ ಆಯಿತು.

ಪೇಸ್ಟ್ ಹಚ್ಚುವುದು ಗಂಡು ಥ್ರೆಡ್ಡಿಗೆ ಮಾತ್ರ. ಎಲ್ಬೋದ ಒಳಗೆ ಹಚ್ಚಿದರೆ ಅದು ಮುಂದೆ ತಳ್ಳಿಕೊಂಡು ಪೈಪಿನೊಳಗೇ ಬೀಳುತ್ತದೆ. ಬ್ರಶ್ಶಿನಲ್ಲಿ ಹಲ್ಲಿನ ತಗ್ಗು ತುಂಬುವಷ್ಟು, ತುದಿಗಳು ಇನ್ನೂ ಕಾಣುವಷ್ಟು. ಒಂದಿಂಚಿಗೆ ಕಡಲೆಕಾಳು ಎರಡರಷ್ಟು ಸಾಕು. ಬಿಗಿದ ಮೇಲೆ ಬಾಯಿಯ ಸುತ್ತ ಒಂದು ಸಪೂರ ಗೆರೆ ಹೊರಗೆ ಬಂದರೆ ಸರಿ ಇದೆ ಅಂತ ಲೆಕ್ಕ. ಏನೂ ಬರದಿದ್ದರೆ ಕಮ್ಮಿ, ತೊಟ್ಟಿಕ್ಕಿದರೆ ಜಾಸ್ತಿ. ಕುಡಿಯುವ ನೀರಿಗಾದರೆ ಡಬ್ಬಿಯ ಮೇಲೆ ಕುಡಿಯುವ ನೀರಿಗೆ ಆಗುತ್ತದೆ ಅಂತ ಬರೆದಿರುವುದನ್ನೇ ಕೇಳಿ ತನ್ನಿ. ಹಳೇ ಕಾಲದ ಸಫೇದ, ಕೆಂಪು ಪೇಸ್ಟುಗಳಲ್ಲಿ ಸೀಸ ಇರುತ್ತಿತ್ತು. ಮನೆಯ ಮೂಲೆಯಲ್ಲಿ ಅಜ್ಜನ ಕಾಲದ ಡಬ್ಬಿ ಸಿಕ್ಕಿತು ಅಂತ ಅದನ್ನು ಹಚ್ಚಬೇಡಿ.

ಬರೀ ಟೇಪಿನಲ್ಲೇ ಮುಗಿಸಬೇಕು ಅಂದರೆ, ಅಂಗಡಿಯಲ್ಲಿ ಸಿಗುವ ತೆಳು ಟೇಪಿನಲ್ಲಿ ಒಂದಿಂಚಿಗೆ ಹತ್ತು ಹನ್ನೆರಡು ಸುತ್ತು, ಅರ್ಧ ಇಂಚಿನ ನಲ್ಲಿಗೆ ಆರೆಂಟು. ದಪ್ಪ ಟೇಪ್ ಆದರೆ ಅದರ ಅರ್ಧ. ಹೆಚ್ಚು ಕಮ್ಮಿ ಗೊತ್ತಾಗುವುದು ಮತ್ತೆ ಕೈಯಿಂದಲೇ. ಟೇಪ್ ಹಾಕಿದ ಮೇಲೂ ಎಲ್ಬೋ ಕೈಯಲ್ಲಿ ಎರಡು ಮೂರು ಸುತ್ತು ಹೋಗಬೇಕು. ಹಲ್ಲೇ ಹಿಡಿಯುವುದಿಲ್ಲ ಅಂದರೆ ಬಿಚ್ಚಿ ಕಮ್ಮಿ ಮಾಡಿ.

ಬಿಗಿಯುವಾಗ ಎರಡು ರೆಂಚ್ ಬೇಕು, ಒಂದರಲ್ಲಿ ಹಿಡಿಯುವುದು, ಒಂದರಲ್ಲಿ ತಿರುಗಿಸುವುದು. ಪಂಪಿನ ಬಾಯಿ ಬೀಡು ಕಬ್ಬಿಣ, ಅದಕ್ಕೆ ಬಾಗಿ ಗೊತ್ತಿಲ್ಲ, ಒಡೆದೇ ಗೊತ್ತು. ಟೇಪ್ ಎಣ್ಣೆಯ ಹಾಗೆ ಜಾರುವ ಕಾರಣ ಎಷ್ಟು ಬಿಗಿಯಾಯಿತು ಅಂತ ಕೈಗೆ ಗೊತ್ತಾಗುವುದಿಲ್ಲ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಪಂಪಿನ ಬಾಯಿಗೆ ದಪ್ಪ ಟೇಪ್ ಹಾಕಿ ಉದ್ದ ರೆಂಚಿನಲ್ಲಿ ನೇತಾಡಿದ್ದೆ. ಟಕ್ ಅಂತ ಒಂದು ಸದ್ದು, ಕೂದಲೆಳೆಯಷ್ಟು ಬಿರುಕು, ಆ ತಿಂಗಳ ಸಂಬಳ ಅಲ್ಲಿಗೆ ಹೋಯಿತು. ಇನ್ನೊಂದು, ಎಲ್ಬೋ ಬೇಕಾದ ದಿಕ್ಕು ದಾಟಿ ಹೋಯಿತು ಅಂತ ಹಿಂದೆ ತಿರುಗಿಸಬೇಡಿ. ಹಿಂದೆ ಬಂದ ಕೂಡಲೇ ಒಳಗಿನ ಟೇಪ್ ಹರಿದು ದಾರಿ ಬಿಡುತ್ತದೆ. ಮುಂದೆ ಇನ್ನೊಂದು ಸುತ್ತು ಹೋಗುವ ಹಾಗಿದ್ದರೆ ಹೋಗಿ, ಇಲ್ಲವಾದರೆ ಪೂರ್ತಿ ಕಳಚಿ ಹೊಸದಾಗಿ ಹಾಕಿ. ಪೇಸ್ಟ್ ಮಾತ್ರ ಇದ್ದಾಗ, ಅದೂ ಗಟ್ಟಿಯಾಗದ ಜಾತಿಯದ್ದಾದರೆ, ಸ್ವಲ್ಪ ಹಿಂದೆ ಮುಂದೆ ನಡೆಯುತ್ತದೆ.

ಹತ್ತಿರದಲ್ಲಿ ಯೂನಿಯನ್ ಇದ್ದರೆ ಅದರ ದೊಡ್ಡ ನಟ್ಟಿನ ಥ್ರೆಡ್ಡಿಗೆ ಏನೂ ಬೇಡ. ಅಲ್ಲಿ ನೀರು ತಡೆಯುವುದು ಒಳಗೆ ಒಂದಕ್ಕೊಂದು ಕೂರುವ ಮುಖಗಳು, ಅವನ್ನು ಒರೆಸಿದರೆ ಆಯಿತು.

ಮನೆಯೊಳಗಿನ ಸಿಪಿವಿಸಿ ಲೈನಿಗೆ ಈ ಪೇಸ್ಟ್ ತೆಗೆದುಕೊಂಡು ಹೋಗಬೇಡಿ. ಎಣ್ಣೆ ಅಂಶದ ಪೇಸ್ಟ್ ತಾಗಿದ ಸಿಪಿವಿಸಿ ಕೂಡಲೇ ಏನೂ ಆಗದಿದ್ದರೂ ಕೆಲವು ತಿಂಗಳಾದ ಮೇಲೆ ಬಿಗಿ ಇರುವ ಜಾಗದಲ್ಲೇ ಬಿರಿಯುತ್ತದೆ, ಅದೂ ಗೋಡೆಯ ಒಳಗೆ. ಅಲ್ಲಿ ಟೇಪ್ ಮಾತ್ರ, ಕೈಬಿಗಿ ಆದ ಮೇಲೆ ಒಂದರಿಂದ ಎರಡು ಸುತ್ತು, ಅಷ್ಟೇ. ನಲ್ಲಿ ಹಾಕುವ ಕಡೆ ಒಳಗೆ ಹಿತ್ತಾಳೆ ಇರುವ ಎಲ್ಬೋ ಹಾಕಿಸಿ, ಬರೀ ಪ್ಲಾಸ್ಟಿಕ್ ಹೆಣ್ಣು ಥ್ರೆಡ್ಡಿಗೆ ಲೋಹದ ನಿಪ್ಪಲ್ ಬಿಗಿಯುವುದು ಬೇಡ.

ಕಾಪುವಿನ ಮನೆಯಲ್ಲಿ ಐದು ಸುತ್ತು ಟೇಪ್, ಮೇಲೆ ಪೇಸ್ಟ್, ರೆಂಚಿನಲ್ಲಿ ಎರಡೂಕಾಲು ಸುತ್ತಿಗೆ ಎಲ್ಬೋ ಸರಿಯಾದ ದಿಕ್ಕಿಗೆ ಬಂತು, ಅಲ್ಲೇ ನಿಲ್ಲಿಸಿದೆ. ಪೇಸ್ಟ್ ಗಟ್ಟಿಯಾಗದ ಜಾತಿಯದ್ದು, ಹಾಗಾಗಿ ಕಾಯಲಿಲ್ಲ. ಗಟ್ಟಿಯಾಗುವ ಜಾತಿ ಆಗಿದ್ದರೆ ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಬಿಡಬೇಕಿತ್ತು. ನೀರು ತುಂಬಿಸಿ ಪಂಪ್ ಹಾಕಿದೆ. ಮೊದಲ ಒಂದೆರಡು ನಿಮಿಷ ಪೈಪಿನಲ್ಲಿ ಉಳಿದ ಗಾಳಿ ಬಂತು, ಆಮೇಲೆ ಟ್ಯಾಂಕಿಗೆ ಬೀಳುವ ನೀರಿನ ಸದ್ದು ಒಂದೇ ಸಮ ಆಯಿತು. ಆಫ್ ಮಾಡಿ ಎಲ್ಬೋದ ಅಡಿಯಲ್ಲಿ ಒಂದು ಪೇಪರ್ ಇಟ್ಟು ಬಂದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿ ಕೇಳಿದಾಗ ಪೇಪರ್ ಒಣಗಿಯೇ ಇತ್ತಂತೆ. ನೀವೂ ಕೆಲಸ ಮುಗಿದ ರಾತ್ರಿ ಒಂದು ಪೇಪರ್ ಇಟ್ಟು ನೋಡಿ.