ಡ್ರಾಯಿಂಗ್ ಓದೋದು ಹೇಗೆ: ಒಂದು ಬೇರಿಂಗ್ ಹೌಸಿಂಗ್ ಇಟ್ಟುಕೊಂಡು

ಪ್ರಶ್ನೆ: ಐಟಿಐ ಟರ್ನರ್ ಮುಗಿಸಿ ಪೀಣ್ಯದಲ್ಲಿ ಒಂದು ಶಾಪ್‌ಗೆ ಸೇರಿದ್ದೀನಿ. ಮೆಷಿನ್ ಓಡಿಸೋಕೆ ಬರುತ್ತೆ, ಆದ್ರೆ ಡ್ರಾಯಿಂಗ್ ಕೊಟ್ರೆ ತಲೆ ತಿರುಗುತ್ತೆ. ಟೈಟಲ್ ಬ್ಲಾಕ್, ಟಾಲರೆನ್ಸ್, ಸೆಕ್ಷನ್ ವ್ಯೂ ಇವನ್ನೆಲ್ಲ ಯಾವ ಕ್ರಮದಲ್ಲಿ ನೋಡಬೇಕು?

ನಾನು ಪೀಣ್ಯದಲ್ಲೇ ಸೆಟ್ಟರ್. ನಮ್ಮಂಥ ಶಾಪ್‌ಗಳಿಗೆ ಸಾಮಾನ್ಯವಾಗಿ ಬರುವಂಥ ಒಂದು ಜಾಬ್ ಇಟ್ಟುಕೊಂಡು ಹೇಳುತ್ತೇನೆ. ಚಿಕ್ಕದೊಂದು ಬೇರಿಂಗ್ ಹೌಸಿಂಗ್, ಇಎನ್‌8 ಮೆಟೀರಿಯಲ್. ಒಂದು ತುದಿಯಲ್ಲಿ Ø90 ಫ್ಲ್ಯಾಂಜ್, ದಪ್ಪ 10. ಅದರ ಹಿಂದೆ Ø60 h6 ಬಾಡಿ. ಒಟ್ಟು ಉದ್ದ 45. ಬಾಡಿ ತುದಿಯಿಂದ ಒಳಗೆ Ø42 H7 ಬೋರ್, ಅದರಲ್ಲಿ 6004 ಬೇರಿಂಗ್ ಕೂರುತ್ತದೆ. ಅಲ್ಲಿಂದ ಮುಂದಕ್ಕೆ Ø36 ಬೋರ್ ಆರಪಾರ. ಫ್ಲ್ಯಾಂಜ್‌ನಲ್ಲಿ ನಾಲ್ಕು ಬೋಲ್ಟ್ ಹೋಲ್, ಒಂದು ಕಡೆ ಅಂಚು ಸವರಿದ ಫ್ಲ್ಯಾಟ್. ಬಾಡಿಯಲ್ಲಿ ಒಂದು ಆಯಿಲ್ ಹೋಲ್. ಅಷ್ಟೇ. ಇದನ್ನು ಒಂದು ಹಾಳೆಯಲ್ಲಿ ಬಿಡಿಸಿಕೊಂಡು ಮುಂದೆ ಓದಿ, ಸುಲಭವಾಗುತ್ತದೆ.

ಮೊದಲು ಕೆಳಗಿನ ಬಲಮೂಲೆ, ಅಂದರೆ ಟೈಟಲ್ ಬ್ಲಾಕ್. ಅಲ್ಲಿ ಹೆಸರಿಗಿಂತ ಮುಂಚೆ ಡ್ರಾಯಿಂಗ್ ನಂಬರ್ ಮತ್ತು ರಿವಿಷನ್ ಅಕ್ಷರ ನೋಡಿ. ಜಾಬ್ ಕಾರ್ಡ್‌ನಲ್ಲಿ ಬರೆದಿರುವ ರಿವಿಷನ್ ಜೊತೆ ಅದು ಸರಿಹೊಂದಬೇಕು. ಈಗ ಡ್ರಾಯಿಂಗ್‌ಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಹಳೇ ರಿವಿಷನ್‌ನ ಪ್ರಿಂಟ್ ಮೆಷಿನ್ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ಕಾರ್ಡ್‌ನಲ್ಲಿ 'ಸಿ', ಹಾಳೆಯಲ್ಲಿ 'ಬಿ' ಇದ್ದರೆ ಮೆಟೀರಿಯಲ್ ಮುಟ್ಟಬೇಡಿ, ಹೋಗಿ ಕೇಳಿ. ಏನು ಬದಲಾಗಿದೆ ಅಂತ ರಿವಿಷನ್ ಟೇಬಲ್‌ನಲ್ಲಿ ಒಂದು ಸಾಲು ಇರುತ್ತದೆ, ಅದನ್ನೂ ಓದಿ.

ಸ್ಕೇಲ್ ಎಷ್ಟು ಅಂತ ಬರೆದಿದ್ದರೂ ಪ್ರಿಂಟ್ ಮೇಲೆ ಅಳತೆಪಟ್ಟಿ ಇಟ್ಟು ಅಳೆಯಬೇಡಿ. ಎ3 ಹಾಳೆಯನ್ನು ಎ4ಗೆ ಇಳಿಸಿ ಪ್ರಿಂಟ್ ತೆಗೆದಿರುತ್ತಾರೆ. ಯಾವುದಾದರೂ ಅಳತೆ ಕಾಣದಿದ್ದರೆ ಉಳಿದ ಅಳತೆಗಳಿಂದ ಲೆಕ್ಕ ಹಾಕಿ. ಲೆಕ್ಕಕ್ಕೂ ಸಿಗದಿದ್ದರೆ ಕೇಳಲೇಬೇಕು.

ಟೈಟಲ್ ಬ್ಲಾಕ್‌ನಲ್ಲಿ ಹೊಸಬರು ಜಾಸ್ತಿ ಕಡೆಗಣಿಸುವುದು ಪ್ರೊಜೆಕ್ಷನ್ ಗುರುತನ್ನು. ತುದಿ ಕತ್ತರಿಸಿದ ಒಂದು ಕೋನ್, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ಇಲ್ಲಿಯ ಡ್ರಾಯಿಂಗ್‌ಗಳು ಸಾಮಾನ್ಯವಾಗಿ ಫಸ್ಟ್ ಆಂಗಲ್, ಅಮೆರಿಕದ ಕಸ್ಟಮರ್ ಡ್ರಾಯಿಂಗ್‌ಗಳು ಥರ್ಡ್ ಆಂಗಲ್. 'ಕೋನ್ ಎಡಕ್ಕಿದ್ದರೆ ಫಸ್ಟ್ ಆಂಗಲ್' ಅಂತ ಬಾಯಿಪಾಠ ಮಾಡಿರುತ್ತಾರೆ. ಅದನ್ನು ನಂಬಬೇಡಿ, ಅಮೆರಿಕದ ಕೆಲವು ಹಾಳೆಗಳಲ್ಲಿ ಥರ್ಡ್ ಆಂಗಲ್‌ಗೂ ಕೋನ್ ಎಡಕ್ಕೇ ಇರುತ್ತದೆ. ಕೋನ್‌ನ ಯಾವ ತುದಿ ವೃತ್ತಗಳ ಕಡೆಗಿದೆ ಅಂತ ನೋಡಿ. ಅಗಲ ತುದಿ ವೃತ್ತಗಳ ಕಡೆಗಿದ್ದರೆ ಫಸ್ಟ್ ಆಂಗಲ್. ಕಿರಿದಾದ ತುದಿ ಆ ಕಡೆಗಿದ್ದರೆ ಥರ್ಡ್ ಆಂಗಲ್. ಇದು ಎರಡೂ ಕಡೆಯ ಡ್ರಾಯಿಂಗ್‌ಗೆ ಹೊಂದುತ್ತದೆ.

ಇದರಿಂದ ಏನಾಗುತ್ತದೆ ಅಂತ ನಮ್ಮ ಹೌಸಿಂಗ್‌ನಲ್ಲೇ ನೋಡೋಣ. ಮುಖ್ಯ ವ್ಯೂನಲ್ಲಿ ಫ್ಲ್ಯಾಂಜ್ ಎಡಕ್ಕೆ, ಬಾಡಿ ಬಲಕ್ಕೆ ಇದೆ. ಅದರ ಬಲಗಡೆ ದುಂಡಗಿನ ವ್ಯೂ ಇದೆ. ಆ ದುಂಡು ವ್ಯೂನಲ್ಲಿ ಫ್ಲ್ಯಾಟ್ ಎಡಗಡೆ, ಆಯಿಲ್ ಹೋಲ್ ಕೆಳಗೆ. ಫಸ್ಟ್ ಆಂಗಲ್ ಆದರೆ ಬಲಗಡೆ ಬರೆದದ್ದು ಎಡದಿಂದ ನೋಡಿದ ನೋಟ, ಅಂದರೆ ನೀವು ಫ್ಲ್ಯಾಂಜ್ ಮುಖ ನೋಡುತ್ತಿದ್ದೀರಿ. ಥರ್ಡ್ ಆಂಗಲ್ ಆದರೆ ಬಲದಿಂದ ನೋಡಿದ ನೋಟ, ಬಾಡಿ ತುದಿ ಕಾಣುತ್ತಿದೆ. ತಪ್ಪಾಗಿ ಓದಿದರೆ ಫ್ಲ್ಯಾಟ್ ಎದುರುಗಡೆ ಬೀಳುತ್ತದೆ. ಎಲ್ಲ ಅಳತೆ ಸರಿಯಿದ್ದೂ ಪೀಸ್ ಸ್ಕ್ರ್ಯಾಪ್. ತಿರುಗಿಸಿ ಹಿಡಿದರೂ ಸರಿಹೋಗುವುದಿಲ್ಲ, ಯಾಕೆಂದರೆ ಅದು ಎಡಗೈ-ಬಲಗೈ ಥರ ಬೇರೆಯದೇ ಪೀಸ್.

ಇದನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷೆ ಮಾಡಬಹುದು, ನಾನು ಪ್ರತಿ ಸಲ ಮಾಡುತ್ತೇನೆ. ದುಂಡು ವ್ಯೂನಲ್ಲಿ 60ರ ವೃತ್ತ ಹೇಗಿದೆ ನೋಡಿ. ಫ್ಲ್ಯಾಂಜ್ ಮುಖದಿಂದ ನೋಡಿದರೆ ಬಾಡಿ ಹಿಂದೆ ಅಡಗಿರುತ್ತದೆ. ಹಾಗಾಗಿ 60 ಮತ್ತು 42 ಎರಡೂ ತುಂಡು ಗೆರೆಯಲ್ಲಿ ಇರಬೇಕು, ಅಥವಾ ಬಿಟ್ಟಿರಬೇಕು. ಬಾಡಿ ತುದಿಯಿಂದ ನೋಡಿದರೆ ಎರಡೂ ಪೂರ್ತಿ ಗೆರೆ. ಪ್ರೊಜೆಕ್ಷನ್ ಗುರುತು ಒಂದು ಹೇಳಿ, ಗೆರೆಗಳು ಇನ್ನೊಂದು ಹೇಳಿದರೆ ಡ್ರಾಯಿಂಗ್‌ನಲ್ಲೇ ತಪ್ಪಿದೆ. ಸೂಪರ್‌ವೈಸರ್‌ಗೆ ತೋರಿಸಿ.

ಈಗ ಸೆಕ್ಷನ್. ಮುಖ್ಯ ವ್ಯೂ ಕೆಳಗೆ A-A ಅಂತ ಇರುತ್ತದೆ. ದುಂಡು ವ್ಯೂನಲ್ಲಿ ಅದೇ ಅಕ್ಷರದ ಕಟಿಂಗ್ ಗೆರೆ ಹುಡುಕಿ. ಅದರ ತುದಿಯ ಬಾಣಗಳು ಯಾವ ಕಡೆಗೆ ನೋಡುತ್ತಿದ್ದೇವೆ ಅಂತ ಹೇಳುತ್ತವೆ. ಆ ಗೆರೆ ಮೇಲೆ ಪೀಸನ್ನು ಗರಗಸದಿಂದ ಸೀಳಿದರೆ ಗರಗಸಕ್ಕೆ ಮೆಟಲ್ ಸಿಗುವ ಕಡೆ ಹ್ಯಾಚಿಂಗ್ ಇರುತ್ತದೆ. ಹ್ಯಾಚಿಂಗ್ ಇಲ್ಲದ ಕಡೆ ಖಾಲಿ, ಅಥವಾ ಕತ್ತರಿಸಿದ ಜಾಗಕ್ಕಿಂತ ಹಿಂದೆ ಇರುವುದು. 42 ಮುಗಿದು 36 ಶುರುವಾಗುವ ಮೆಟ್ಟಿಲು ಸೆಕ್ಷನ್‌ನಲ್ಲಿ ಒಂದು ನೇರ ಗೆರೆಯಾಗಿ ಬೋರ್‌ಗೆ ಅಡ್ಡ ಬರುತ್ತದೆ. ಅದನ್ನು ಗೋಡೆ ಅಂತ ತಿಳಿದು ಬೋರ್ ಮುಚ್ಚಿದೆ ಅಂದುಕೊಳ್ಳುವವರಿದ್ದಾರೆ. ಅಲ್ಲಿ ಹ್ಯಾಚಿಂಗ್ ಇಲ್ಲವಲ್ಲ, ಅಂದರೆ ಗೋಡೆ ಇಲ್ಲ. ಹಿಂದಿನ ಅರ್ಧದಲ್ಲಿರುವ ಮೆಟ್ಟಿಲಿನ ಅಂಚು ಅಷ್ಟೇ.

ನಮ್ಮ ಡ್ರಾಯಿಂಗ್‌ನಲ್ಲಿ ಕಟಿಂಗ್ ಗೆರೆ ನೇರವಾಗಿಲ್ಲ. ಕೆಳಗೆ ಆಯಿಲ್ ಹೋಲ್‌ನಿಂದ ಸೆಂಟರ್‌ವರೆಗೆ ಬಂದು, ಅಲ್ಲಿ ಬಾಗಿ, 45 ಡಿಗ್ರಿಯಲ್ಲಿರುವ ಬೋಲ್ಟ್ ಹೋಲ್ ಕಡೆಗೆ ಹೋಗುತ್ತದೆ. ಬಾಗಿದ ಭಾಗವನ್ನು ನೆಟ್ಟಗೆ ತಿರುಗಿಸಿ ಬಿಡಿಸಿರುತ್ತಾರೆ. ಹಾಗಾಗಿ ಸೆಕ್ಷನ್‌ನಲ್ಲಿ ಬೋಲ್ಟ್ ಹೋಲ್ ಮೇಲೆ, ಆಯಿಲ್ ಹೋಲ್ ಅದಕ್ಕೆ ನೇರ ಎದುರಿಗೆ ಕೆಳಗೆ ಕಾಣುತ್ತದೆ. ನಿಜವಾದ ಪೀಸ್‌ನಲ್ಲಿ ಅವು ಎದುರುಬದುರು ಇಲ್ಲ. ಉದ್ದ ಮತ್ತು ಆಳವನ್ನು ಸೆಕ್ಷನ್‌ನಿಂದ ತೆಗೆದುಕೊಳ್ಳಿ, ಕೋನವನ್ನು ಯಾವಾಗಲೂ ದುಂಡು ವ್ಯೂನಿಂದಲೇ ತೆಗೆದುಕೊಳ್ಳಿ. ಡ್ರಿಲ್ಲಿಂಗ್‌ನಲ್ಲಿ ಇಂಡೆಕ್ಸ್ ತಪ್ಪುವುದು ಇಲ್ಲೇ.

ಇನ್ನು ಟಾಲರೆನ್ಸ್. ದೊಡ್ಡಕ್ಷರ H ಅಂದರೆ ಹೋಲ್, ಸಣ್ಣಕ್ಷರ h ಅಂದರೆ ಶಾಫ್ಟ್, ಅಂದರೆ ಹೊರಗಿನ ಅಳತೆ. H ಬರೆದ ಹೋಲ್ ಹೇಳಿದ ಅಳತೆಗಿಂತ ಚಿಕ್ಕದಾಗುವಂತಿಲ್ಲ. h ಬರೆದ ಶಾಫ್ಟ್ ದೊಡ್ಡದಾಗುವಂತಿಲ್ಲ. ಪಕ್ಕದ ಅಂಕಿ ಎಷ್ಟು ಬಿಡುವು ಅಂತ ಹೇಳುತ್ತದೆ, ಆದರೆ ಆ ಬಿಡುವು ಡಯಾ ಮೇಲೆ ನಿಂತಿದೆ. 30ಕ್ಕೆ H7 ಅಂದರೆ +0.021, 42ಕ್ಕೆ ಅದೇ H7 ಅಂದರೆ +0.025. ಚಾರ್ಟ್ ಗೋಡೆ ಮೇಲೆ ಇರಲಿ, ನೆನಪಿನಿಂದ ಬರೆಯಬೇಡಿ. ಕೆಲಸ ಶುರು ಮಾಡುವ ಮೊದಲು ಹಾಳೆಯ ಮೇಲೇ ಪೆನ್ಸಿಲ್‌ನಲ್ಲಿ ಹೀಗೆ ಬರೆದುಕೊಳ್ಳಿ:

```
Ø42 H7 : 42.000 – 42.025
Ø60 h6 : 59.981 – 60.000
```

60ಕ್ಕೆ ಇರುವ ಜಾಗ ಬರೀ 19 ಮೈಕ್ರಾನ್. 0.02 ಓದುವ ವರ್ನಿಯರ್‌ನಿಂದ ಇದನ್ನು ಪಾಸ್ ಮಾಡಲು ಆಗುವುದಿಲ್ಲ, ವರ್ನಿಯರ್‌ನ ಒಂದು ಗೆರೆಯೇ ಅದಕ್ಕಿಂತ ದೊಡ್ಡದು. ಹೊರಗೆ ಮೈಕ್ರೋಮೀಟರ್, ಒಳಗೆ ಬೋರ್ ಡಯಲ್ ಗೇಜ್ ಅಥವಾ ಗೋ-ನೋಗೋ ಪ್ಲಗ್ ಬೇಕು. ಗುರಿ ಇಡುವಾಗ ಮೆಟಲ್ ಉಳಿಯುವ ಕಡೆ ಇಡಿ. ಹೊರಗಿನದಕ್ಕೆ 59.992ರ ಹತ್ತಿರ, ಬೋರ್‌ಗೆ 42.010ರ ಹತ್ತಿರ. ಸ್ವಲ್ಪ ಆಚೀಚೆ ಆದರೂ ಇನ್ನೊಂದು ಕಟ್ ಹಾಕಲು ಅವಕಾಶ ಇರುತ್ತದೆ.

ಇಲ್ಲಿ ಬಿಸಿ ಒಂದು ದೊಡ್ಡ ಶತ್ರು. ಈಗಷ್ಟೇ ಟರ್ನ್ ಮಾಡಿದ ಪೀಸ್ ಮೈಕ್ರೋಮೀಟರ್‌ಗಿಂತ 20 ಡಿಗ್ರಿ ಬಿಸಿ ಇದೆ ಅಂದುಕೊಳ್ಳಿ. ಸ್ಟೀಲ್ ಒಂದು ಮೀಟರ್‌ಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 60 ಡಯಾಗೆ ಲೆಕ್ಕ ಹಾಕಿದರೆ ಸುಮಾರು 14 ಮೈಕ್ರಾನ್. ಬಿಸಿಯಲ್ಲಿ 59.990 ತೋರಿಸಿದ ಪೀಸ್ ತಣ್ಣಗಾದ ಮೇಲೆ 59.976. ಅಂಡರ್‌ಸೈಜ್, ಮುಗಿಯಿತು. ಮೆಷಿನ್ ಮೇಲೆ ಓಕೆ, ಇನ್‌ಸ್ಪೆಕ್ಷನ್‌ನಲ್ಲಿ ರಿಜೆಕ್ಟ್ ಅಂತ ಜಗಳ ಬಂದಾಗ ಮೊದಲು ಇದನ್ನೇ ಅನುಮಾನಿಸಿ. ಫಿನಿಶ್ ಕಟ್‌ಗೆ ಮೊದಲು ಪೀಸ್ ತಣಿಯಲು ಬಿಡಿ.

ಪಕ್ಕದಲ್ಲಿ ಏನೂ ಬರೆಯದ ಅಳತೆಗಳಿಗೆ ಟೈಟಲ್ ಬ್ಲಾಕ್‌ನಲ್ಲಿರುವ ಜನರಲ್ ಟಾಲರೆನ್ಸ್ ಅನ್ವಯಿಸುತ್ತದೆ. ಇಲ್ಲಿ ISO 2768-m ಅಂತ ಇದೆ. ಅದರ ಪ್ರಕಾರ 6ರ ಮೇಲೆ 30ರವರೆಗೆ ±0.2, 30ರ ಮೇಲೆ 120ರವರೆಗೆ ±0.3. ಅಂದರೆ ಫ್ಲ್ಯಾಂಜ್ ದಪ್ಪ 10 ±0.2, ಒಟ್ಟು ಉದ್ದ 45 ±0.3. ಬಾಡಿ ಉದ್ದವನ್ನು (35) ಅಂತ ಬ್ರ್ಯಾಕೆಟ್‌ನಲ್ಲಿ ಬರೆದಿದ್ದಾರೆ. ಬ್ರ್ಯಾಕೆಟ್ ಇದ್ದರೆ ಅದು ಸುಮ್ನೆ ಮಾಹಿತಿಗೆ, ಅದಕ್ಕೆ ಟಾಲರೆನ್ಸ್ ಇಲ್ಲ. 45 ಮತ್ತು 10 ಎರಡೂ ಮಿತಿಯಲ್ಲಿದ್ದರೆ 35 ಅನ್ನುವುದು 34.5ರಿಂದ 35.5ರವರೆಗೆ ಎಲ್ಲಿ ಬಂದರೂ ಸರಿ. ನೀವು 35ನ್ನೇ ಹಿಡಿದುಕೊಂಡು ಕೂತರೆ ಬೇಕಾದ ದಪ್ಪ ಕೈತಪ್ಪುತ್ತದೆ.

ಕೊನೆಗೆ, 42ರ ಬೋರ್‌ಗೆ ಒಂದು ಚೌಕದ ಪೆಟ್ಟಿಗೆ ಅಂಟಿದೆ: ರನ್‌ಔಟ್ ಬಾಣ, 0.03, ಪಕ್ಕದಲ್ಲಿ A. ಆ A ಅಕ್ಷರ 60 ಡಯಾ ಮೇಲೆ ತ್ರಿಕೋನದ ಜೊತೆ ಇದೆ, ಅದೇ ಡೇಟಮ್. ಸೆಕ್ಷನ್‌ನ A ಜೊತೆ ಇದನ್ನು ಬೆರೆಸಬೇಡಿ. 60ರ ಮೇಲೆ ಪೀಸನ್ನು ತಿರುಗಿಸಿದರೆ ಬೋರ್‌ನಲ್ಲಿ ಡಯಲ್ 0.03ಕ್ಕಿಂತ ಜಾಸ್ತಿ ಆಡಬಾರದು ಅಂತ ಅರ್ಥ. ಮೊದಲು 60 ಮಾಡಿ ಪೀಸ್ ಬಿಚ್ಚಿ, ತಿರುಗಿ ಸಾಧಾರಣ ತ್ರೀ-ಜಾ ಚಕ್‌ನಲ್ಲಿ ಹಿಡಿದು ಬೋರ್ ಮಾಡಿದರೆ ಇದು ಸಿಗುವ ಭರವಸೆ ಇಲ್ಲ. ಆದ್ದರಿಂದ ಫ್ಲ್ಯಾಂಜ್ ಹಿಡಿಯಿರಿ. 60, ಫ್ಲ್ಯಾಂಜ್‌ನ ಹಿಂಬದಿ, 36, 42 ಎಲ್ಲವನ್ನೂ ಬಿಚ್ಚದೆ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಸಿ. ಆಮೇಲೆ 60ಕ್ಕೆ ಬೋರ್ ಮಾಡಿದ ಸಾಫ್ಟ್ ಜಾನಲ್ಲಿ ತಿರುಗಿಸಿ ಹಿಡಿದು, ಫ್ಲ್ಯಾಂಜ್ ಮುಖ ಫೇಸ್ ಮಾಡಿ 10 ಮತ್ತು 45 ತನ್ನಿ, 90 ಡಯಾ ಫಿನಿಶ್ ಮಾಡಿ. ಫ್ಲ್ಯಾಟ್, ಬೋಲ್ಟ್ ಹೋಲ್, ಆಯಿಲ್ ಹೋಲ್ ಆಮೇಲೆ ಮಿಲ್ಲಿಂಗ್‌ಗೆ ಹೋಗುತ್ತವೆ.