ಹಾಲು ಕುಡಿದರೂ ರಕ್ತ ಕಡಿಮೆ ಯಾಕೆ?

"ಮಗಳಿಗೆ 9 ತಿಂಗಳು. ದಿನಕ್ಕೆ ಮುಕ್ಕಾಲು ಲೀಟರ್ ಹಸುವಿನ ಹಾಲು ಕುಡೀತಾಳೆ, ಊಟ ಮುಟ್ಟಲ್ಲ. ರಕ್ತ ಕಡಿಮೆ ಅಂದ್ರು, ಯಾಕೆ?"

ರಕ್ತ ಆಗಲು ಕಬ್ಬಿಣ ಬೇಕು. ಆದರೆ ಒಂದು ಲೀಟರ್ ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಸುಮಾರು ಅರ್ಧ ಮಿಲಿಗ್ರಾಂ ಅಷ್ಟೇ. ಅದರಲ್ಲೂ ಮೈಗೆ ಹತ್ತುವುದು ಚೂರೇ ಚೂರು, ಏಕೆಂದರೆ ಹಾಲಿನ ಕ್ಯಾಲ್ಸಿಯಂ, ಕೇಸೀನ್ ಎಂಬ ಪ್ರೋಟೀನ್ ಎರಡೂ ಅಡ್ಡ ಬರುತ್ತವೆ. ಹುಟ್ಟುವಾಗ ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಹಾಲಲ್ಲೇ ಹೊಟ್ಟೆ ತುಂಬಿದರೆ ಬೇಳೆ, ಮೊಟ್ಟೆಗೆ ಜಾಗ ಎಲ್ಲಿ, ಅಲ್ವಾ?

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಈ ಹಾಲಿನಿಂದ ಕೆಲವು ಕೂಸುಗಳ ಕರುಳಲ್ಲಿ ರಕ್ತ ಸ್ವಲ್ಪಸ್ವಲ್ಪವೇ ಸೋರುತ್ತದೆ. ಕಕ್ಕದಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ವರ್ಷ ತುಂಬುವವರೆಗೆ ಕುಡಿಯಲು ಎದೆಹಾಲು ಅಥವಾ ಫಾರ್ಮುಲಾ ಕೊಡಿ. ಅನ್ನಕ್ಕೆ ಸ್ವಲ್ಪ ಮೊಸರು ಪರವಾಗಿಲ್ಲ. ಕಬ್ಬಿಣದ ಡ್ರಾಪ್ಸ್ ಬರೆದುಕೊಟ್ಟಿದ್ದರೆ ಡಾಕ್ಟರು ಹೇಳಿದ ಅಳತೆಯಲ್ಲೇ ಹಾಕಿ, ಹಾಲಿನ ಜೊತೆ ಬೇಡ.