ಅನುಭವದ ಜಾಗದಲ್ಲಿ ಏನು ಬರೆಯೋದು?

"ಎಲ್ಲೂ ಕೆಲಸ ಮಾಡಿಲ್ಲ. ಅಂಗಡಿಯ ಪಾರ್ಟ್ ಟೈಮ್ ಕೆಲಸಕ್ಕೆ ರೆಸ್ಯೂಮೆ ಕೇಳಿದ್ದಾರೆ. ಅನುಭವ ಅನ್ನೋ ಕಡೆ ಏನು ಬರೆಯಲಿ?"

ಸಂಬಳ ಇಲ್ಲದೆ ಮಾಡಿದ ಕೆಲಸವನ್ನೇ ಬರೆಯಿರಿ. ಕಾಲೇಜ್ ಫೆಸ್ಟ್‌ನಲ್ಲಿ ಟಿಕೆಟ್ ಕೌಂಟರ್ ನೋಡಿಕೊಂಡಿದ್ದೀರಾ? 'ಫೆಸ್ಟ್‌ನಲ್ಲಿ ಭಾಗವಹಿಸಿದ್ದೆ' ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. 'ಎರಡು ದಿನ ಟಿಕೆಟ್ ಮಾರಿ, ಸಂಜೆ ಹಣ ಎಣಿಸಿ ಲೆಕ್ಕ ಒಪ್ಪಿಸಿದೆ' ಅಂತ ಬರೆಯಿರಿ. ಇವರನ್ನು ಗಲ್ಲಾದಲ್ಲಿ ಕೂರಿಸಬಹುದು ಅಂತ ಅವರಿಗೇ ಹೊಳೆಯುತ್ತದೆ. ಮಾಡದೇ ಇದ್ದದ್ದನ್ನು ಮಾತ್ರ ಸುಮ್ನೆ ಸೇರಿಸಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಹೆಸರು, ಫೋನ್ ನಂಬರ್ ಕೆಳಗೇ ನಿಮಗೆ ಬಿಡುವಿರುವ ಸಮಯ ಹಾಕಿ: 'ಸೋಮವಾರದಿಂದ ಶುಕ್ರವಾರ ಸಂಜೆ 5ರಿಂದ 9, ಶನಿವಾರ ಇಡೀ ದಿನ.' ಅವರಿಗೆ ಯಾವ ಹೊತ್ತಿಗೆ ಆಳು ಬೇಕೋ ಆ ಹೊತ್ತಿಗೆ ನೀವು ಸಿಗಬೇಕು, ಅಲ್ವಾ? ಪರೀಕ್ಷೆ ಸಮಯದಲ್ಲಿ ಬರಲು ಆಗದಿದ್ದರೆ ಅದನ್ನೂ ಈಗಲೇ ಬರೆಯಿರಿ. ಒಂದೇ ಪುಟ ಸಾಕು.